ಇಪ್ಪತ್ತು ತಿಂಗಳ ಮಿನಿಮಮ್

ನನಗೆ ಮೂಗಿನ ತುದಿಯಲ್ಲೇ ಕೋಪ. ಬೀದರಿನ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದವಳು. ವಾರ್ಡಿನಲ್ಲಿ ನನ್ನ ಚಪ್ಪಲಿಯ ಸದ್ದು ಕೇಳಿದರೆ ಆಯಾಗಳು ಚಾ ಕಪ್ಪು ಬಚ್ಚಿಡುತ್ತಿದ್ದರು. ಊರಿಗೆಲ್ಲ ಬುದ್ಧಿ ಹೇಳುವ ಚಟ ನನ್ನದು. ಗುಳಿಗೆ ಯಾವಾಗ ನುಂಗಬೇಕು ಎನ್ನುವುದರಿಂದ ಹಿಡಿದು ಮಗಳನ್ನು ಯಾವ ಮನೆಗೆ ಕೊಡಬೇಕು ಎನ್ನುವವರೆಗೆ ಎಲ್ಲದಕ್ಕೂ ನನ್ನಲ್ಲಿ ಉತ್ತರ ಇರುತ್ತಿತ್ತು. ಅವುಗಳಲ್ಲಿ ಒಂದು ಉತ್ತರ ತಪ್ಪಾಯಿತು. ಅದಕ್ಕೆ ಬೆಲೆ ತೆತ್ತವಳು ನನ್ನ ತಂಗಿ.

ತಂಗಿ ನನಗಿಂತ ಹನ್ನೊಂದು ವರ್ಷ ಚಿಕ್ಕವಳು. ನಮ್ಮಪ್ಪ ಮಿಷನ್ ಸಾಲೆಯಲ್ಲಿ ಮಾಸ್ತರರು. ನನ್ನನ್ನು ನರ್ಸಿಂಗ್ ಓದಿಸಿದರು, ಅವಳನ್ನು ಓದಿಸುವಷ್ಟರಲ್ಲಿ ತೀರಿಕೊಂಡರು. ನಾನು ಮದುವೆಯಾಗಲಿಲ್ಲ. ಅವಳನ್ನು ಔರಾದ ತಾಲೂಕಿನ ಸಂತಪುರಕ್ಕೆ ಕೊಟ್ಟೆವು. ಹತ್ತನೇ ಕ್ಲಾಸಿನಲ್ಲಿ ಫೇಲಾಗಿ ಸಾಲೆ ಬಿಟ್ಟವಳು ಅವಳು. ಆ ಕೊರಗು ಅವಳಿಗೆ ಇನ್ನೂ ಹೋಗಿರಲಿಲ್ಲ. ಅದಕ್ಕೇ ಮಗಳ ವಿಷಯದಲ್ಲಿ ಒಂದೇ ಹಟ: ಈ ಹುಡುಗಿ ಹತ್ತನೇ ಪಾಸಾಗಬೇಕು, ಆಮೇಲೆ ದೊಡ್ಡವ್ವನ ಹಾಗೆ ನರ್ಸಿಂಗ್ ಸೇರಬೇಕು.

ಹುಡುಗಿ ಎಂಟನೇ ಕ್ಲಾಸಿಗೆ ಹೋದ ವರ್ಷ ಮಳೆ ಕೈಕೊಟ್ಟಿತು. ಮುಂದಿನ ವರ್ಷ ಇನ್ನೂ ಕೆಟ್ಟದಾಗಿ ಕೈಕೊಟ್ಟಿತು. ಬೀದರಿನ ನಮ್ಮ ಕ್ವಾರ್ಟರ್ಸಿಗೆ ಎಂಟು ದಿನಕ್ಕೊಮ್ಮೆ ನಳ ಬರುತ್ತಿತ್ತು, ಆಮೇಲೆ ಅದೂ ನಿಂತು ಟ್ಯಾಂಕರ್ ಬಂತು. ಸಂತಪುರದ ಕಡೆಯಿಂದ ಹೈದರಾಬಾದಿಗೆ, ಪುಣೆಗೆ ಗಾಡಿಗಳು ತುಂಬಿಕೊಂಡು ಹೋಗುತ್ತಿದ್ದವು. ತಂಗಿಯ ಗಂಡ ಮೊದಲೇ ಹೊರಟುಹೋದ. ಹೈದರಾಬಾದಿನಲ್ಲಿ ಒಂದು ಅಪಾರ್ಟ್‌ಮೆಂಟಿನ ಕಾವಲು ಕೆಲಸ ಸಿಕ್ಕಿತು, ಜೊತೆಗೆ ಮೆಟ್ಟಿಲ ಕೆಳಗೆ ಒಂದು ಖೋಲಿ. ಎಲ್ಲರೂ ಬಂದುಬಿಡಿ ಎಂದು ಅವನು ಫೋನಿನ ಮೇಲೆ ಫೋನು ಮಾಡುತ್ತಿದ್ದ. ಮಗಳು ಆಗಿನ್ನೂ ಎಂಟನೇ ಕ್ಲಾಸು. ಕನ್ನಡ ಸಾಲೆಯಿಂದ ಎಬ್ಬಿಸಿ ಅಲ್ಲಿಗೆ ಒಯ್ದರೆ ತೆಲುಗಿನಲ್ಲಿ ಅವಳೇನು ಓದಿಯಾಳು ಎಂದು ತಂಗಿಗೆ ದಿಗಿಲು.

ತಂಗಿಗೆ ಹೊಲಿಗೆ ಬರುತ್ತಿತ್ತು. ಕಾಲಲ್ಲಿ ತುಳಿಯುವ ಹಳೇ ಮಷಿನ್ ಒಂದಿತ್ತು. ಭಾಲ್ಕಿಯ ಒಂದು ಸಾಲೆಯವರು ಯೂನಿಫಾರ್ಮ್ ಹೊಲಿದು ಕೊಡುತ್ತೀಯಾ ಎಂದು ಕೇಳಿದ್ದರು. ಅಷ್ಟು ಬಟ್ಟೆಗೆ ಕರೆಂಟಿನ ಮಷಿನ್ ಬೇಕು, ಅಂಚು ಹೊಲಿಯುವ ಇಂಟರ್‌ಲಾಕ್ ಬೇಕು, ಸೀರೆಗೆ ಪಿಕೋ ಮಾಡುವುದೂ ಒಂದಿದ್ದರೆ ಊರಲ್ಲೂ ಕೆಲಸ ಸಿಗುತ್ತದೆ. ಮೂರೂ ಸೇರಿ ಬೀದರಿನ ಅಂಗಡಿಯವನು ಅರವತ್ತು ಸಾವಿರ ಹೇಳಿದ.

ಅವಳ ಗಂಡ ಫೋನಿನಲ್ಲಿ ನನ್ನ ಜೊತೆಗೇ ಮಾತಾಡಿದ. ಕೆಟ್ಟ ಮನುಷ್ಯ ಅಲ್ಲ, ಆದರೆ ಸಾಲ ಎಂದರೆ ಹಾವು ಕಂಡಂತೆ ಹೆದರುವವನು.

"ಅಕ್ಕಾರೀ, ಹೊಲಿಯೂದಿದ್ರ ಹೊಲೀಲ್ರಿ. ಖರೇ ಮಗಳು ಹತ್ತನೇತ್ತಕ್ಕ ಹೋಗೂದ್ರಾಗ ಆ ಸಾಲ ಪೂರಾ ಹರೀಬೇಕ್ರಿ. ಹರೀಲಿಲ್ಲಂದ್ರ ಎಲ್ಲಾರೂ ಇಲ್ಲಿಗೇ ಬರಬೇಕು. ಎರಡು ಕಡಿ ಸಂಸಾರ, ಮ್ಯಾಲ ಸಾಲ, ನನ್ನ ಕೈಲೆ ಆಗಂಗಿಲ್ರಿ" ಎಂದ.

ನ್ಯಾಯವಾದ ಮಾತು. ನಾನು ಒಪ್ಪಿಕೊಂಡೆ. ಹುಡುಗಿ ಹತ್ತನೇ ಕ್ಲಾಸಿಗೆ ಕಾಲಿಡಲು ಇನ್ನೂ ಒಂದೂ ಮುಕ್ಕಾಲು ವರ್ಷ ಇತ್ತು.

ಈಗ ನನ್ನ ಬುದ್ಧಿವಂತಿಕೆಯ ಕಥೆ ಹೇಳಬೇಕು. ನಮ್ಮ ಆಸ್ಪತ್ರೆಯ ನರ್ಸುಗಳಲ್ಲಿ ಒಂದು ಭಿಶಿ ಇತ್ತು. ಇಪ್ಪತ್ತು ಜನ ಹೆಂಗಸರು, ತಿಂಗಳಿಗೆ ತಲಾ ಮೂರು ಸಾವಿರ. ಕೂಡಿದ ಅರವತ್ತು ಸಾವಿರವನ್ನು ಚೀಟಿ ಎತ್ತಿ ಒಬ್ಬರಿಗೆ ಕೊಡುವುದು. ಎತ್ತಿದವಳು ಉಳಿದ ತಿಂಗಳೆಲ್ಲ ತಪ್ಪದೆ ಮೂರು ಸಾವಿರ ಕಟ್ಟುತ್ತ ಹೋಗಬೇಕು. ಬಡ್ಡಿ ಇಲ್ಲ, ಕಾಗದ ಇಲ್ಲ, ತಾರೀಖು ಒಂದೇ ದೇವರು. ಆ ಭಿಶಿಯ ಯಜಮಾನಿ ನಾನೇ. ಒಂಬತ್ತು ವರ್ಷದಲ್ಲಿ ಒಂದು ಸಲವೂ ಒಬ್ಬಳ ದುಡ್ಡೂ ಮುಳುಗಿಲ್ಲ ಎಂದು ಎದೆ ತಟ್ಟಿಕೊಂಡು ಹೇಳುತ್ತಿದ್ದೆ.

ಸಂಬಳದ ಖಾತೆ ಇದ್ದ ಬ್ಯಾಂಕಿನವರು ನನಗೊಂದು ಕ್ರೆಡಿಟ್ ಕಾರ್ಡ್ ಕೊಟ್ಟಿದ್ದರು. ಕೊಡುವಾಗ ಒಬ್ಬ ಹುಡುಗ ಬಂದು, ಐವತ್ತು ದಿನದವರೆಗೆ ಬಡ್ಡಿ ಇಲ್ಲ ಮೇಡಂ, ಪೂರಾ ಕಟ್ಟಲು ಆಗದಿದ್ದರೆ ಮಿನಿಮಮ್ ಕಟ್ಟಿದರೂ ನಡೆಯುತ್ತದೆ ಎಂದು ಹೇಳಿ ಸಹಿ ಮಾಡಿಸಿಕೊಂಡು ಹೋಗಿದ್ದ. ಮಿನಿಮಮ್ ಎಂದರೆ ಎಷ್ಟು ಎಂದೆ. ನೂರಕ್ಕೆ ಐದು ರೂಪಾಯಿ ಎಂದ. ಲೆಕ್ಕ ಹಾಕಿದೆ: ಅರವತ್ತು ಸಾವಿರಕ್ಕೆ ಮೂರು ಸಾವಿರ, ಇಪ್ಪತ್ತು ತಿಂಗಳು. ಇದು ನಮ್ಮ ಭಿಶಿಯೇ, ಬ್ಯಾಂಕಿನವರು ಇಂಗ್ಲಿಷಿನಲ್ಲಿ ನಡೆಸುತ್ತಿದ್ದಾರೆ ಎಂದುಕೊಂಡೆ. ಅಷ್ಟು ಚೆನ್ನಾಗಿ ಹೊಂದಿಬಿಟ್ಟಿತು ಲೆಕ್ಕ. ಹೊಂದದೆ ಇದ್ದಿದ್ದರೆ ನಾನು ಇನ್ನೊಂದು ಪ್ರಶ್ನೆ ಕೇಳುತ್ತಿದ್ದೆನೋ ಏನೋ.

ಅಂಗಡಿಯಲ್ಲಿ ಕಾರ್ಡ್ ಉಜ್ಜಿದ ದಿನ ತಂಗಿಗೆ ಕಣ್ಣಲ್ಲಿ ನೀರು.

"ಅಕ್ಕಾ, ಬಡ್ಡಿ ಎಷ್ಟು ಹಚ್ಚತಾರ?" ಎಂದು ಕೇಳಿದಳು. ಅವಳು ಕೇಳಿದ್ದಳು. ಇದನ್ನು ನಾನು ಬರೆಯಲೇಬೇಕು.

"ಮಿನಿಮಮ್ ತಪ್ಪದ ಕಟ್ಟಿದ್ರ ಏನೂ ಇಲ್ಲ. ತಾರೀಖು ತಪ್ಪಿದ್ರ ಮಾತ್ರ ದಂಡ. ನಾ ಅದೀನಲ್ಲ, ನಿನಗ್ಯಾಕ ಚಿಂತಿ?" ಎಂದೆ.

ಸೆಪ್ಟೆಂಬರಿನಲ್ಲಿ ಮಷಿನ್ ಬಂದವು. ಅಕ್ಟೋಬರಿನಲ್ಲಿ ಮೊದಲ ಬಿಲ್ಲು: ಅರವತ್ತು ಸಾವಿರ, ಮಿನಿಮಮ್ ಮೂರು ಸಾವಿರ. ಇಪ್ಪತ್ತನೇ ತಾರೀಖಿನೊಳಗೆ ಕಟ್ಟಬೇಕು. ತಂಗಿ ಔರಾದ ಬಸ್ಸು ಹತ್ತಿ ಬಂದು ಆಸ್ಪತ್ರೆಯ ಗೇಟಿನ ಹತ್ತಿರ ಮೂರು ಸಾವಿರ ಕೊಟ್ಟಳು. ನೂರರ ನೋಟು, ಐವತ್ತರ ನೋಟು, ಎಲ್ಲದರಲ್ಲೂ ಹೊಸ ಬಟ್ಟೆಯ ಗಂಜಿ ವಾಸನೆ. ನಾನು ಅವತ್ತೇ ಕಟ್ಟಿದೆ.

ನವೆಂಬರಿನ ಬಿಲ್ಲು ಬಂದಾಗ ಮೇಲಿನ ಅಂಕಿ ಅರವತ್ತು ಸಾವಿರದ ಏಳುನೂರು ಚಿಲ್ಲರೆ ಇತ್ತು. ಮೂರು ಸಾವಿರ ಕಟ್ಟಿದ ಮೇಲೆ ಐವತ್ತೇಳಾಗಬೇಕಿತ್ತು. ನೋಡಿದೆ, ನೋಡಲಿಲ್ಲ ಎಂದು ಹೇಳಲಾರೆ. ಏನೋ ಮೊದಲ ಸಲದ ಟ್ಯಾಕ್ಸು ಗೀಕ್ಸು ಇರಬೇಕು ಎಂದುಕೊಂಡು ಕೆಳಗಿನ ಅಂಕಿಗೆ ಕಣ್ಣು ಇಳಿಸಿದೆ. ಮಿನಿಮಮ್ ಮೂರು ಸಾವಿರದ ಮೂವತ್ತೇಳು. ಹೆಚ್ಚಿನ ಮೂವತ್ತೇಳು ನನ್ನ ಕೈಯಿಂದ ಹಾಕಿದೆ, ಹಾಕಿದ್ದಕ್ಕೆ ಒಳಗೊಳಗೇ ಹೆಮ್ಮೆಪಟ್ಟೆ. ಆಮೇಲೆ ಮೇಲಿನ ಅಂಕಿಯನ್ನು ನೋಡುವುದನ್ನೇ ಬಿಟ್ಟೆ. ಭಿಶಿಯಲ್ಲಿ ಯಾರೂ ಮೇಲಿನ ಅಂಕಿ ನೋಡುವುದಿಲ್ಲ. ತಾರೀಖು ನೋಡುತ್ತಾರೆ, ಕಂತು ನೋಡುತ್ತಾರೆ. ಮೊಬೈಲಿಗೆ ಬರುವ ಮೆಸೇಜಿನಲ್ಲೂ ಎರಡು ಅಂಕಿ ಇರುತ್ತಿದ್ದವು. ನನ್ನ ಕಣ್ಣು ಸೀದಾ ಎರಡನೆಯದಕ್ಕೆ ಹೋಗುತ್ತಿತ್ತು.

ಅಲ್ಲಿಂದ ಮುಂದೆ ಮಿನಿಮಮ್ ತಿಂಗಳಿಗೆ ಮೂವತ್ತು ನಲವತ್ತು ರೂಪಾಯಿ ಇಳಿಯುತ್ತ ಬಂತು. ಸಾಲ ಇಳಿಯುತ್ತಿದೆ, ಅದಕ್ಕೇ ಕಂತೂ ಇಳಿಯುತ್ತಿದೆ ಎಂದು ನಾನು ತಿಳಿದೆ. ಇಳಿದ ಅಷ್ಟೂ ದುಡ್ಡನ್ನು ಒಂದು ಬಿಸ್ಕೀಟಿನ ಡಬ್ಬಿಯಲ್ಲಿ ಹಾಕಿಡುತ್ತಿದ್ದೆ. ತಂಗಿ ತರುತ್ತಿದ್ದದ್ದು ಮೂರು ಸಾವಿರ, ಬ್ಯಾಂಕಿಗೆ ಹೋಗುತ್ತಿದ್ದದ್ದು ಎರಡು ಸಾವಿರದ ಒಂಬೈನೂರು, ಎಂಟುನೂರು, ಏಳುನೂರು. ಬಿಲ್ಲು ಕೇಳಿದಷ್ಟು ಕೊಟ್ಟರಾಯಿತು, ಕೇಳದೆ ಹೆಚ್ಚು ಕೊಡುವವರು ಮೂರ್ಖರು ಎಂಬುದು ನನ್ನ ಸಿದ್ಧಾಂತ.

ಎರಡನೇ ಕ್ರಿಸ್‌ಮಸ್ಸಿಗೆ ಆ ಡಬ್ಬಿಯಲ್ಲಿ ಮೂರು ಸಾವಿರ ಕೂಡಿತ್ತು. ಅದನ್ನು ತಂಗಿಯ ಕೈಗೆ ಹಾಕಿ, "ತೊಗೋ, ನಾ ಉಳಿಸಿದ್ದು. ಮಗಳಿಗೆ ಬಟ್ಟಿ ತರು" ಎಂದೆ. ಅವಳು ಚರ್ಚಿನ ಅಂಗಳದಲ್ಲೇ ನನ್ನ ಕಾಲು ಮುಟ್ಟಲು ಬಂದಳು. ನಾನು ದೊಡ್ಡ ಮನುಷ್ಯಳ ಹಾಗೆ ಅವಳ ತಲೆ ನೇವರಿಸಿದೆ. ಈ ನೆನಪು ಬಂದಾಗ ಈಗಲೂ ನನಗೆ ನನ್ನ ಮೇಲೆ ಅಸಹ್ಯವಾಗುತ್ತದೆ.

ನಡುವೆ ಒಂದು ಸಲ ನಾನೂ ಅದೇ ಕಾರ್ಡಿನಲ್ಲಿ ಎರಡು ಸಾವಿರದ ಕನ್ನಡಕ ತೆಗೆದುಕೊಂಡೆ. ಬಿಲ್ಲು ಬಂದಾಗ ಆ ಎರಡು ಸಾವಿರವನ್ನೂ ಸೇರಿಸಿ ಕಟ್ಟಿದೆ. ಐವತ್ತು ದಿನ ಪುಕ್ಕಟೆ ಎಂದು ಹುಡುಗ ಹೇಳಿದ್ದನಲ್ಲ, ಆ ಸವಲತ್ತು ಬಳಸಿಕೊಂಡೆ ಎಂದು ಬೀಗಿದೆ.

ಇನ್ನು ಎರಡನೇ ಮಾರ್ಚಿನ ವಿಷಯ. ಬರದ ಎರಡನೇ ವರ್ಷ, ಸಂತಪುರದಲ್ಲಿ ರವಿಕೆ ಹೊಲಿಸಿಕೊಳ್ಳುವ ಹೆಂಗಸರೇ ಊರು ಬಿಟ್ಟಿದ್ದರು. ಭಾಲ್ಕಿಯ ಸಾಲೆಯವರು ಯೂನಿಫಾರ್ಮಿನ ದುಡ್ಡು ತಡ ಮಾಡಿದರು. ಇಪ್ಪತ್ತನೇ ತಾರೀಖಿಗೆ ತಂಗಿ ಬರಲಿಲ್ಲ. ನಾನು ನನ್ನ ಕೈಯಿಂದ ಕಟ್ಟಿ, ಎರಡು ದಿನ ಕುದಿಯುತ್ತ ಇದ್ದೆ. ಇಪ್ಪತ್ತೆರಡಕ್ಕೆ ಅವಳು ಗೇಟಿನ ಹತ್ತಿರ ಬಂದು ನಿಂತಾಗ, ಅಲ್ಲಿ ಔಷಧ ಅಂಗಡಿಯವರು, ಆಟೋದವರು, ರೋಗಿಗಳ ಕಡೆಯವರು ಎಲ್ಲರೂ ಇದ್ದರು.

"ನಿನಗ ಮಾನ ಅದೇನು? ನನ್ನ ಹೆಸರಿನ ಮ್ಯಾಲ ದಂಡ ಬಿದ್ದಿದ್ರ? ತಾರೀಖು ಅಂದ್ರ ತಾರೀಖು! ಮಷಿನ್ ಬೇಕಂತ ಅಳೂ ಮುಂದ ಬುದ್ಧಿ ಇರ್ಲಿಲ್ಲೇನು?" ಎಂದು ಒದರಿದೆ.

ಅವಳು ತಲೆ ತಗ್ಗಿಸಿ, "ತಪ್ಪಾಯ್ತು ಅಕ್ಕಾ" ಎಂದಳು. ಮುಂದಿನ ತಿಂಗಳು ಹತ್ತನೇ ತಾರೀಖಿಗೇ ದುಡ್ಡು ತಂದಳು. ಅವಳ ಕಿವಿಯಲ್ಲಿ ಬೆಂಡೋಲೆ ಇರಲಿಲ್ಲ, ಬೇವಿನ ಕಡ್ಡಿ ಇತ್ತು. ನಾನು ನೋಡಿದೆ. ಕಷ್ಟಪಟ್ಟು ಕಟ್ಟಿದರೇ ಶಿಸ್ತು ಬರುವುದು ಎಂದುಕೊಂಡೆ.

ಮೇ ತಿಂಗಳಲ್ಲಿ ಇಪ್ಪತ್ತನೇ ಕಂತು. ಅವತ್ತು ತಂಗಿ ಬಸ್ಸಿಳಿದು ಬಂದ ರೀತಿಯೇ ಬೇರೆ. ಪೇಪರಿನಲ್ಲಿ ಕಟ್ಟಿಸಿದ ಅರ್ಧ ಕಿಲೋ ಪೇಡೆ, ಮುಖದ ತುಂಬ ನಗು. ಬಿಸಿಲಿಗೆ ಕಪ್ಪಾಗಿದ್ದಳು, ಸಣ್ಣಗಾಗಿದ್ದಳು, ಆದರೂ ಮದುವೆಗೆ ಹೊರಟವಳ ಕಳೆ.

"ಮುಗೀತು ಅಕ್ಕಾ! ಇಪ್ಪತ್ತು ಮೂರ್ಲೆ ಅರವತ್ತು! ನಾ ಗ್ವಾಡಿ ಮ್ಯಾಲ ಗೀಟು ಹಾಕ್ಕೋತ ಬಂದೀನಿ. ಇವರು ಸೈತ ಹೂಂ ಅಂದಾರ. ಖರೇ ಒಂದು ಕಾಗದ ತೊಗೊಂಡು ಫೋಟೋ ಕಳಸು ಅಂತಾರ, ಸಾಲ ಹರೀತು ಅಂತ ಬ್ಯಾಂಕಿನವ್ರು ಬರದು ಕೊಟ್ಟಿದ್ದು. ಅದು ಬಂದ್ರ ಹತ್ತನೇತ್ತ ಇಲ್ಲೇ ಓದ್ಲಿ ಅಂದಾರ."

ಬಾ, ಈಗಲೇ ತರೋಣ ಎಂದು ಅವಳನ್ನು ಕರೆದುಕೊಂಡು ಬ್ಯಾಂಕಿಗೆ ಹೋದೆ. ದಾರಿಯಲ್ಲಿ ಇಬ್ಬರೂ ಒಂದೊಂದು ಪೇಡೆ ತಿಂದೆವು.

ಬ್ಯಾಂಕಿನಲ್ಲಿ ಕಾರ್ಡಿನ ಕೆಲಸ ನೋಡುತ್ತಿದ್ದವನು ಕಮಠಾಣದ ಕಡೆಯ ಹುಡುಗ. ನನ್ನನ್ನು ಬಲ್ಲವನು, ಸಿಸ್ಟರ್ ಎಂದು ಎದ್ದು ಕುರ್ಚಿ ಕೊಟ್ಟ. ಕಾರ್ಡಿನ ನಂಬರು ಹೊಡೆದು ನೋಡಿದ, ಮತ್ತೊಮ್ಮೆ ನೋಡಿದ.

"ಸಿಸ್ಟರ್, ಈ ತಿಂಗಳ ಮಿನಿಮಮ್ ಕಟ್ಟಿದ ಮ್ಯಾಲೂ ಹೆಚ್ಚೂ ಕಮ್ಮಿ ನಲವತ್ತೇಳು ಸಾವಿರ ಬಾಕಿ ಉಳೀತದ್ರಿ" ಎಂದ.

ನನ್ನ ಕೋಪ ನೆತ್ತಿಗೇರಿತು. "ತಲಿ ನೆಟ್ಟಗದೇನಪಾ ನಿಂದು? ಇಪ್ಪತ್ತು ತಿಂಗಳು ಒಂದು ತಾರೀಖೂ ತಪ್ಪದ ಕಟ್ಟೀನಿ. ಒಂದು ರೂಪಾಯಿ ದಂಡ ಬಿದ್ದದೇನು ನೋಡು!" ಎಂದು ಮೇಜು ಗುದ್ದಿದೆ. ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡಿದರು.

"ದಂಡ ಬಿದ್ದಿಲ್ರಿ ಸಿಸ್ಟರ್. ಮಿನಿಮಮ್ ಕಟ್ಟಿದ್ದಕ್ಕೇ ಬಿದ್ದಿಲ್ಲ. ಅದು ಕಟ್ಟಿದ್ರ ಲೇಟ್ ಫೀಸ್ ಹಾಕಂಗಿಲ್ಲ, ಕಾರ್ಡ್ ಬಂದ್ ಮಾಡಂಗಿಲ್ಲ, ಅಷ್ಟೇ ಅದರ ಕೆಲಸ. ಬಡ್ಡಿ ನಿಲ್ಲಂಗಿಲ್ರಿ."

"ಐವತ್ತು ದಿನ ಬಡ್ಡಿ ಇಲ್ಲಂತ ನಿಮ್ಮವನೇ ಹೇಳ್ಯಾನ."

"ಪೂರಾ ಬಿಲ್ಲು ಕಟ್ಟಿದವ್ರಿಗೆ ಮಾತ್ರ ಅದು. ಒಂದು ಪೈಸಾ ಉಳಿಸಿದ್ರೂ ಆ ಸವಲತ್ತು ಹೋಗ್ತದ. ಆಮ್ಯಾಲ ಖರೀದಿ ಮಾಡಿದ ದಿನದಿಂದ ಬಡ್ಡಿ ಹಿಡೀತಾರ, ಬಿಲ್ಲು ಬಂದ ದಿನದಿಂದ ಅಲ್ಲ. ಅದಕ್ಕೇ ನೋಡ್ರಿ, ನಿಮ್ಮ ಎರಡನೇ ಬಿಲ್ಲು ಮೊದಲನೇದಕಿಂತ ಜಾಸ್ತಿ ಅದ. ಈ ಕನ್ನಡಕಕ್ಕೂ ಅಂಗಡ್ಯಾಗ ಕಾರ್ಡ್ ಉಜ್ಜಿದ ದಿನದಿಂದ ಬಡ್ಡಿ ಬಿದ್ದದ."

ಹಣ ತುಂಬುವ ಚೀಟಿಯ ಹಿಂಭಾಗದಲ್ಲಿ ಅವನು ಒಂದು ತಿಂಗಳ ಲೆಕ್ಕ ಬರೆದು ತೋರಿಸಿದ. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಚಿಲ್ಲರೆ ಬಡ್ಡಿ, ಆ ಬಡ್ಡಿಯ ಮೇಲೆ ಸರ್ಕಾರದ ಸೇವಾ ತೆರಿಗೆ. ಅರವತ್ತು ಸಾವಿರದ ಮೇಲೆ ಎರಡೂ ಸೇರಿ ಸುಮಾರು ಎರಡು ಸಾವಿರದ ಇನ್ನೂರು. ತಂಗಿ ತಂದ ಮೂರು ಸಾವಿರದಲ್ಲಿ ಅಷ್ಟು ಬಡ್ಡಿಗೇ ಹೋದರೆ ಸಾಲದಿಂದ ಕಳೆಯುವುದು ಎಂಟುನೂರು. ಮುಂದಿನ ತಿಂಗಳು ಸಾಲ ಎಂಟುನೂರು ಕಮ್ಮಿ, ಅದಕ್ಕೇ ಮಿನಿಮಮ್ಮೂ ನಲವತ್ತು ರೂಪಾಯಿ ಕಮ್ಮಿ. ಸಾಲ ಇಳಿದಂತೆ ಕಂತನ್ನೂ ಇಳಿಸುತ್ತಾರೆ. ಹೀಗಾಗಿ ಅದು ಬೇಗ ಮುಗಿಯುವುದೇ ಇಲ್ಲ. ನಾನು ಡಬ್ಬಿಯಲ್ಲಿ ಕೂಡಿಟ್ಟು ಬೀಗಿದ ದುಡ್ಡಿದೆಯಲ್ಲ, ಕಟ್ಟಿದ್ದರೆ ಅದು ಅಷ್ಟೂ ನೇರವಾಗಿ ಸಾಲದ ಬುಡಕ್ಕೇ ತಾಗುತ್ತಿತ್ತು. ಅದನ್ನೇ ನಾನು ಹಿಡಿದಿಟ್ಟುಕೊಂಡಿದ್ದೆ.

"ಒಟ್ಟು ಐವತ್ನಾಕು ಸಾವಿರ ಕಟ್ಟೀರಿ ಸಿಸ್ಟರ್. ಅದರಾಗ ನಲವತ್ತೊಂದು ಬಡ್ಡಿ, ಟ್ಯಾಕ್ಸಿಗೆ ಹೋಗ್ಯದ. ಅಸಲಿಗೆ ಹದಿಮೂರು" ಎಂದ. ಆಮೇಲೆ ಬಿಲ್ಲನ್ನು ತಿರುಗಿಸಿ ಒಂದು ಸಾಲಿನ ಮೇಲೆ ಬೆರಳಿಟ್ಟ. ಪ್ರತಿ ತಿಂಗಳು ಮಿನಿಮಮ್ ಮಾತ್ರ ಕಟ್ಟುತ್ತ ಹೋದರೆ ಸಾಲ ತೀರಲು ವರ್ಷಗಟ್ಟಲೆ ಹಿಡಿಯುತ್ತದೆ, ಬಾಕಿಯ ಮೇಲೆ ಬಡ್ಡಿ ಬೀಳುತ್ತಲೇ ಇರುತ್ತದೆ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಇಪ್ಪತ್ತು ಬಿಲ್ಲಿನಲ್ಲೂ ಇತ್ತು. ಔಷಧದ ಬಾಟಲಿಯ ಮೇಲಿನ ಇರುವೆಯಂಥ ಅಕ್ಷರವನ್ನೂ ಬಿಡದೆ ಓದುವವಳು ನಾನು. ಇದನ್ನು ಓದಿರಲಿಲ್ಲ.

ತಂಗಿಗೆ ಇಷ್ಟು ಹೊತ್ತು ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಮೆಲ್ಲಗೆ, "ಅಂದ್ರ ಕಾಗದ ಕೊಡಂಗಿಲ್ಲೇನ್ರಿ?" ಎಂದು ಅವನನ್ನು ಕೇಳಿದಳು.

ಆ ಹುಡುಗನಿಗೆ ಪಾಪ ಅನ್ನಿಸಿರಬೇಕು. ಕಂಪ್ಯೂಟರಿನಲ್ಲಿ ಏನೋ ನೋಡಿ, ಸಮಾಧಾನ ಹೇಳುವ ದನಿಯಲ್ಲಿ ಎಂದ: "ಯಾಕ ಕೊಡಂಗಿಲ್ರಿ? ಸಿಸ್ಟರ್ ಹೆಸರಿನಾಗ ಎಂಬತ್ತು ಸಾವಿರದ ಎಫ್‌ಡಿ ಅದಲ್ಲ. ಅದನ್ನ ಮುರದು ಇದನ್ನ ಇವತ್ತೇ ತೀರಿಸಿಬಿಡ್ರಿ. ಅಲ್ಲಿ ವರ್ಷಕ್ಕ ನೂರಕ್ಕ ಎಂಟು ಬರ್ತದ, ಇಲ್ಲಿ ನಲವತ್ತು ಹೋಗ್ತದ."

ತಂಗಿ ನನ್ನ ಕಡೆ ನೋಡಿದಳು. ಎಂಬತ್ತು ಸಾವಿರದ ವಿಷಯ ಅವಳಿಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ಮುಪ್ಪಿನ ಕಾಲಕ್ಕೆಂದು ವರ್ಷ ವರ್ಷವೂ ಇಡುತ್ತ ಬಂದದ್ದು. ಅವಳು ಮಷಿನ್ ಕೇಳಿದ ದಿನವೂ ಅದು ಇತ್ತು. ನಾನು ಕೈಯೆತ್ತಿ ಕೊಟ್ಟಿದ್ದರೆ ಅವಳ ಇಪ್ಪತ್ತು ಕಂತು ನಿಜವಾಗಿಯೂ ಇಪ್ಪತ್ತೇ ಆಗುತ್ತಿದ್ದವು. ಬಂಧುಗಳಿಗೆ ಕೈಗಡ ಕೊಡಬಾರದು ಎಂದು ಆಗ ನನಗೆ ನಾನೇ ಹೇಳಿಕೊಂಡಿದ್ದೆ. ನಿಜ ಹೇಳಬೇಕೆಂದರೆ, ಕೊಡಲು ಮನಸ್ಸಿರಲಿಲ್ಲ. ಬ್ಯಾಂಕಿನ ದುಡ್ಡು ಕೊಡಿಸಿ ಉಪಕಾರದ ಹೆಸರು ಮಾತ್ರ ನಾನು ಇಟ್ಟುಕೊಂಡೆ.

ಅವತ್ತಾದರೂ ಸರಿಮಾಡಬಹುದಿತ್ತು. ಒಂದು ಸಹಿಯ ಕೆಲಸ. ಆದರೆ ಜನರೆದುರು ಸೋತ ಸಿಟ್ಟು, ಗುಟ್ಟು ಹೊರಬಿದ್ದ ನಾಚಿಕೆ, ಜೊತೆಗೆ ಮೂವತ್ತು ವರ್ಷದ ಜಿಪುಣತನ, ಎಲ್ಲ ಒಟ್ಟಿಗೆ ಅಡ್ಡ ಬಂದವು.

"ಅದು ಜುಲೈಕ್ಕ ಮುಗೀತದ. ಈಗ ಮುರದ್ರ ಬಡ್ಡಿ ಹಾಳಾಗ್ತದ. ನೋಡೋಣು" ಎಂದೆ.

ಸಾಲೆ ಜೂನ್ ಒಂದಕ್ಕೇ ಶುರುವಾಗುತ್ತಿತ್ತು. ತಂಗಿ "ಹೂಂ ಅಕ್ಕಾ" ಎಂದಳು. ಮೆಟ್ಟಿಲಿಳಿಯುವಾಗ ಉಳಿದ ಪೇಡೆಯ ಪೊಟ್ಟಣ ನನ್ನ ಚೀಲದಲ್ಲಿ ಇಟ್ಟು, ಬಸ್ಸಿಗೆ ಹೊತ್ತಾಯಿತೆಂದು ನೌಬಾದಿನ ಕಡೆ ಹೋಗುವ ಆಟೋ ಹತ್ತಿದಳು. ಒಂದೇ ಒಂದು ಬಿರುಸು ಮಾತು ಆಡಲಿಲ್ಲ. ಬೈದಿದ್ದರೆ ನಾನು ತಿರುಗಿ ಬೈದು ಹಗುರಾಗುತ್ತಿದ್ದೆ.

ನಾಲ್ಕು ದಿನ ನನಗೆ ಊಟ ಸೇರಲಿಲ್ಲ. ಐದನೇ ದಿನ, ಬರುವ ಸೋಮವಾರ ಎಫ್‌ಡಿ ಮುರಿಯುವುದೇ ಸರಿ ಎಂದು ನಿರ್ಧರಿಸಿದೆ. ತಂಗಿಗೆ ಫೋನ್ ಮಾಡಿ ಹೇಳಲಿಲ್ಲ. ಕಾಗದ ಕೈಯಲ್ಲಿ ಹಿಡಿದುಕೊಂಡೇ ಹೋಗಿ ಅಚ್ಚರಿ ಮಾಡೋಣ, ಕಳೆದ ಮಾನ ಒಂದಿಷ್ಟು ತಿರುಗಿ ಬರಲಿ ಎಂಬ ಆಸೆ. ನೋಡಿ, ಆಗಲೂ ನನಗೆ ನನ್ನ ಮಾನದ್ದೇ ಚಿಂತೆ.

ಶನಿವಾರ ಅವಳೇ ಬಂದಳು. ಕ್ವಾರ್ಟರ್ಸಿನ ಬಾಗಿಲಲ್ಲಿ ನಿಂತು ಸೆರಗಿನ ಗಂಟು ಬಿಚ್ಚಿ ಮೂವತ್ತು ಸಾವಿರ ನನ್ನ ಕೈಯಲ್ಲಿಟ್ಟಳು.

"ಮಷಿನ್ ಮೂರೂ ಭಾಲ್ಕಿ ಅಂಗಡಿಯವಗ ಕೊಟ್ಟೆ ಅಕ್ಕಾ. ಇದು ಕಟ್ಟು. ಉಳದ ಹದಿನೇಳು ಅಲ್ಲಿಂದ ಕಳಸ್ತೇನಿ, ನಿನ್ನ ಹೆಸರು ಕೆಡಂಗಿಲ್ಲ. ನಾಳಿಗೆ ಹೊಂಟೀವಿ. ಮಗಳ ಟೀಸೀನೂ ತೊಗೊಂಡೆ."

"ಏ ಹುಚ್ಚಿ, ಸೋಮವಾರ ನಾನೇ ಮುರದು ಕಟ್ಟಾಕಿ ಇದ್ದೆ! ಒಂದು ಮಾತು ಕೇಳಬಾರದೇನು?"

"ನೀ ಜುಲೈ ಅಂದಿದ್ದಿ ಅಕ್ಕಾ" ಎಂದಳು. ಅವಳ ದನಿಯಲ್ಲಿ ಕೊಂಕು ಇರಲಿಲ್ಲ. ನಾನು ಹೇಳಿದ್ದನ್ನು ಅವಳು ಯಾವಾಗಲೂ ಹಾಗೇ ನಂಬುತ್ತಿದ್ದಳು, ಮಿನಿಮಮ್ ವಿಷಯ ನಂಬಿದ ಹಾಗೆ.

ಭಾನುವಾರ ಬ್ಯಾಂಕಿಲ್ಲ. ನಾನು ಚರ್ಚು ಬಿಟ್ಟು ಬೆಳಗಿನ ಬಸ್ಸಿಗೇ ಭಾಲ್ಕಿಗೆ ಓಡಿದೆ. ಅಂಗಡಿಯವನ ಮುಂದೆ ಮೂವತ್ತೂ ಇಟ್ಟು ಮಷಿನ್ ತಿರುಗಿ ಕೊಡಪ್ಪ ಎಂದೆ. ಇಂಟರ್‌ಲಾಕ್ ನಿನ್ನೆಯೇ ಉದಗೀರಿನವರಿಗೆ ಹೋಯಿತು, ಉಳಿದ ಎರಡಕ್ಕೆ ಮೂವತ್ತೈದಾಗುತ್ತದೆ ಎಂದ. ಅವನ ಜೊತೆ ಜಗಳಾಡಿದೆ. ಜಗಳಾಡಿ ಆಗುವುದೇನಿತ್ತು, ಅವನು ವ್ಯಾಪಾರ ಮಾಡಿದ್ದ. ಅಷ್ಟರಲ್ಲಿ ತಂಗಿ ಬಸ್ಸಿನಲ್ಲಿ ಕೂತು ಜಹೀರಾಬಾದ್ ದಾಟಿದ್ದಳು.

ಸೋಮವಾರ ಎಫ್‌ಡಿ ಮುರಿದು ಕಾರ್ಡಿನ ಬಾಕಿ ಪೂರಾ ಕಟ್ಟಿದೆ. ಮುಂದಿನ ತಿಂಗಳೂ ಸಾವಿರ ಚಿಲ್ಲರೆಯ ಒಂದು ಬಿಲ್ಲು ಬಂತು. ಕಟ್ಟಿದ ದಿನದವರೆಗೆ ಓಡಿದ್ದ ಬಡ್ಡಿ ಎಂದರು. ಅದನ್ನೂ ತೀರಿಸಿ, ಕಾರ್ಡನ್ನು ಕತ್ತರಿಯಿಂದ ನಾಲ್ಕು ತುಂಡು ಮಾಡಿ, ಬಾಕಿ ಇಲ್ಲ ಎಂಬ ಕಾಗದ ಬರೆಸಿಕೊಂಡೆ. ಫೋಟೋ ತೆಗೆದು ತಂಗಿಯ ಗಂಡನಿಗೆ ಕಳಿಸಿದೆ. "ಭಾಳ ಚಲೋ ಆಯ್ತ್ರಿ ಅಕ್ಕಾರೀ" ಎಂದು ಫೋನ್ ಮಾಡಿದ. ಹುಡುಗಿಯನ್ನು ನನ್ನ ಹತ್ತಿರ ಕಳಿಸಿ, ಬೀದರಿನಲ್ಲಿ ಸಾಲೆಗೆ ಹಚ್ಚುತ್ತೇನೆ ಎಂದೆ. ನೋಡೋಣು ಎಂದ. ನನ್ನ ಮಾತೇ ನನಗೆ ತಿರುಗಿ ಬಂತು. ಹುಡುಗಿಯನ್ನು ಬಿಟ್ಟಿರಲು ಅವರಿಗೆ ಧೈರ್ಯವಾಗಲಿಲ್ಲ, ನನ್ನ ಭರವಸೆಯ ಮೇಲೆ ಮತ್ತೊಮ್ಮೆ ನಿಲ್ಲಲು ಯಾರಿಗೆ ತಾನೆ ಮನಸ್ಸಾಗುತ್ತದೆ.

ಆ ವರ್ಷ ಕ್ರಿಸ್‌ಮಸ್ ಆದಮೇಲೆ ನಾನು ಹೈದರಾಬಾದಿಗೆ ಹೋದೆ. ಅವಳ ಮೂವತ್ತು ಸಾವಿರ ತಿರುಗಿ ಕೊಡಬೇಕಿತ್ತು. ಅಷ್ಟೊತ್ತಿಗೆ ಅವಳು ಎರಡು ಸಾವಿರ ಬೇರೆ ಕಳಿಸಿದ್ದಳು. ಮೆಟ್ಟಿಲ ಕೆಳಗಿನ ಖೋಲಿ, ನಿಂತರೆ ತಲೆ ತಾಗುತ್ತದೆ. ತಂಗಿ ಒಂದು ಬಟ್ಟೆ ಅಂಗಡಿಯಲ್ಲಿ ಯಾರದೋ ಮಷಿನ್ ಮೇಲೆ ಪ್ಯಾಂಟುಗಳ ಉದ್ದ ಕಮ್ಮಿ ಮಾಡುವ ಕೆಲಸಕ್ಕೆ ಹೋಗುತ್ತಿದ್ದಳು. ಹುಡುಗಿ ಮೂರನೇ ಮಹಡಿಯ ಮನೆಯೊಂದರ ಕೂಸನ್ನು ನೋಡಿಕೊಳ್ಳುತ್ತಿದ್ದಳು. ಒಂದು ತಿಂಗಳು ಸಾಲೆಗೆ ಹೋಗಿ ನೋಡಿದಳಂತೆ, ಏನೂ ತಿಳಿಯದೆ ಬಿಟ್ಟಳಂತೆ. "ಆರಾಮ ಅದೀನಿ ದೊಡ್ಡವ್ವಾ, ಕೂಸು ಭಾಳ ಚಂದ ಅದ" ಎಂದು ನಕ್ಕಳು. ನನಗೆ ಅವಳ ಮುಖ ನೋಡಲಾಗಲಿಲ್ಲ.

ದುಡ್ಡು ಕೊಟ್ಟೆ. ತಂಗಿ ಎಣಿಸಲಿಲ್ಲ, ಹಾಗೇ ಟ್ರಂಕಿನಲ್ಲಿಟ್ಟಳು. ಚಾ ಮಾಡಿ ಕೊಟ್ಟು ನನ್ನ ಪಕ್ಕ ನೆಲದ ಮೇಲೆ ಕೂತಳು. ಬಹಳ ದಿನದಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಂತೆ, ಸಂಕೋಚದಿಂದ ಕೇಳಿದಳು.

"ಅಕ್ಕಾ, ನನ್ನ ಸಲುವಾಗಿ ಎಫ್‌ಡಿ ಮುರದಿ ನೀ. ನಿನಗ ಭಾಳ ಲುಕ್ಸಾನ್ ಆಗಿರಬೇಕು. ಎಷ್ಟು ಬಡ್ಡಿ ಹೋಯ್ತು?"

ಅದು ನಿಜವಾದ ಕಾಳಜಿ. ಸುಳ್ಳು ಹೇಳೋಣ ಎನ್ನಿಸಿತು. ಹತ್ತು ಸಾವಿರ, ಹದಿನೈದು ಸಾವಿರ ಎಂದಿದ್ದರೆ ನಾನು ಅವತ್ತು ಹಿಂದೆಮುಂದೆ ನೋಡಿದ್ದಕ್ಕೆ ಒಂದು ಅರ್ಥವಾದರೂ ಇರುತ್ತಿತ್ತು. ಆದರೆ ಇಷ್ಟೆಲ್ಲ ಆದಮೇಲೆ ಅವಳಿಗೆ ಇನ್ನೊಂದು ತಪ್ಪು ಲೆಕ್ಕ ಹೇಳಲು ನಾಲಿಗೆ ಏಳಲಿಲ್ಲ. ಕಾರ್ಡಿನ ಒಂದು ತಿಂಗಳ ಬಡ್ಡಿಗಿಂತಲೂ ಕಮ್ಮಿ ಹೋಗಿತ್ತು.

"ಸಾವಿರದ ನೂರು" ಎಂದೆ.

ಮೇಲಿನ ಮಹಡಿಯಿಂದ ಕೂಸು ಅಳುವುದು ಕೇಳಿಸಿತು, ಹುಡುಗಿ ಎದ್ದು ಓಡಿದಳು.

"ಅಷ್ಟೇನಾ?" ಎಂದಳು ತಂಗಿ. "ನಾ ಭಾಳ ಇರಬೇಕು ಅಂದ್ಕೊಂಡಿದ್ದೆ."